ಗಾಯಕ್ಕೆ ಮುಂಚಿನ ಹತ್ತು ನಿಮಿಷ

ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡಲು ಹೊಸದಾಗಿ ಸೇರಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಯಾಕೆ ಹಾಗೆ ಮಾಡಿಕೊಂಡೆ?" ಈ ಪ್ರಶ್ನೆಯನ್ನು ಅಷ್ಟು ಹೊತ್ತಿಗೆ ಅಮ್ಮ ಕೇಳಿರುತ್ತಾರೆ, ಕ್ಲಾಸ್ ಟೀಚರ್ ಕೇಳಿರುತ್ತಾರೆ, ಆಸ್ಪತ್ರೆಯ ನರ್ಸ್ ಕೇಳಿರುತ್ತಾರೆ. ಎಲ್ಲರಿಗೂ ಸಿಕ್ಕ ಉತ್ತರವೂ ಒಂದೇ: "ಗೊತ್ತಿಲ್ಲ." ಹುಡುಗಿ ಹಟ ಮಾಡುತ್ತಿದ್ದಾಳೆ, ಏನೋ ಮುಚ್ಚಿಡುತ್ತಿದ್ದಾಳೆ ಎಂದು ದೊಡ್ಡವರಿಗೆ ಅನಿಸುತ್ತದೆ. ಆದರೆ ಬಹಳ ಸಲ ಅವಳು ಹೇಳುತ್ತಿರುವುದು ನಿಜ. ಆ ಹೊತ್ತಿನಲ್ಲಿ ತನ್ನೊಳಗೆ ಏನು ನಡೆಯಿತು ಎಂಬುದು ಅವಳಿಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಗಾಯದ ತನಕ ಹೋಗುವ ಸಂದರ್ಭವೇ ಬರುತ್ತಿರಲಿಲ್ಲವೇನೋ ಎಂಬ ಊಹೆಯ ಮೇಲೆ ಒಂದು ಇಡೀ ಚಿಕಿತ್ಸಾ ಪದ್ಧತಿ ನಿಂತಿದೆ.

ಅದರ ಹೆಸರು ಮೆಂಟಲೈಸೇಷನ್ ಆಧಾರಿತ ಚಿಕಿತ್ಸೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಎಲ್ಲರೂ ಎಂಬಿಟಿ ಎನ್ನುತ್ತಾರೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಫೋನಗಿ ಮತ್ತು ಮನೋವೈದ್ಯ ಆಂಥೊನಿ ಬೇಟ್‌ಮನ್ 1990ರ ದಶಕದಲ್ಲಿ ಇದನ್ನು ರೂಪಿಸಿದರು. ಆಗ ಅವರ ಎದುರಿಗಿದ್ದವರು ವಯಸ್ಕರು. ಸಂಬಂಧಗಳಲ್ಲಿ ತೀವ್ರ ಏರುಪೇರು, ಪದೇ ಪದೇ ಆತ್ಮಹತ್ಯೆಯ ಯತ್ನ, ಯಾವ ಚಿಕಿತ್ಸೆಯೂ ನಾಟುವುದಿಲ್ಲ ಎಂದು ಬೇರೆಯವರು ಕೈಬಿಟ್ಟ ರೋಗಿಗಳು. ಮುಂದೆ ಮಕ್ಕಳ ಮನೋವೈದ್ಯೆ ಟ್ರೂಡಿ ರೊಸ್ಸೌ ಫೋನಗಿಯವರೊಂದಿಗೆ ಸೇರಿ ಇದನ್ನು ಹದಿಹರೆಯಕ್ಕೆ ಒಗ್ಗಿಸಿದರು. ಒಂದು ವರ್ಷದ ಚಿಕಿತ್ಸೆ. ವಾರಕ್ಕೊಮ್ಮೆ ಮಗುವಿನ ಜೊತೆ ಒಬ್ಬರೇ ಕೂತು ಮಾತು, ತಿಂಗಳಿಗೊಮ್ಮೆ ಇಡೀ ಕುಟುಂಬದ ಜೊತೆ ಮಾತು. ಇಷ್ಟೇ ಹೊರಚೌಕಟ್ಟು. ಯಂತ್ರ, ಮಾತ್ರೆ, ವಿಶೇಷ ಕೋಣೆ ಏನೂ ಇಲ್ಲ. ಹಾಗಾಗಿಯೇ ಹೊಸಬರಿಗೆ ಇದು ಸುಲಭ ಅನಿಸುತ್ತದೆ, ಮತ್ತು ಹಾಗಾಗಿಯೇ ಬೇಗ ಕೆಡುತ್ತದೆ.

ಮೆಂಟಲೈಸೇಷನ್ ಎಂದರೆ ನಾವೆಲ್ಲ ದಿನವಿಡೀ ಮಾಡುವ ಕೆಲಸ. ಎದುರಿಗಿರುವವರು ಹೀಗೇಕೆ ನಡೆದುಕೊಂಡರು ಎಂಬುದನ್ನು ಅವರ ಮನಸ್ಸಿನ ಕಡೆಯಿಂದ ಊಹಿಸುವುದು, ನಮ್ಮ ನಡವಳಿಕೆಯನ್ನೂ ನಮ್ಮ ಮನಸ್ಸಿನ ಕಡೆಯಿಂದ ನೋಡಿಕೊಳ್ಳುವುದು. ಬಾಸ್ ಇವತ್ತು ಮುಖ ಕೊಟ್ಟು ಮಾತಾಡಲಿಲ್ಲ. ನನ್ನ ಮೇಲೆ ಸಿಟ್ಟೋ, ಮನೆಯಲ್ಲಿ ಏನಾದರೂ ಆಗಿದೆಯೋ? ಈ "ಯೋ, ಯೋ" ಇದೆಯಲ್ಲ, ಅದೇ ಮುಖ್ಯ. ಇನ್ನೊಬ್ಬರ ಮನಸ್ಸು ನಮಗೆ ಕಾಣುವುದಿಲ್ಲ, ಊಹೆ ಮಾತ್ರ ಸಾಧ್ಯ, ಊಹೆ ತಪ್ಪಿರಲೂಬಹುದು ಎಂಬ ಅರಿವು ಅದರಲ್ಲಿದೆ. ಸಿಟ್ಟು, ಭಯ, ಅವಮಾನ ಒಂದು ಮಿತಿ ದಾಟಿದಾಗ ಈ ಅರಿವು ಯಾರಲ್ಲಾದರೂ ಕೈಕೊಡುತ್ತದೆ. ಜಗಳದ ಮಧ್ಯೆ ಗಂಡನಿಗಾಗಲಿ ಹೆಂಡತಿಗಾಗಲಿ "ಬಹುಶಃ" ಎಂಬ ಪದ ನೆನಪಾಗುವುದಿಲ್ಲ. ಹದಿಹರೆಯದಲ್ಲಿ ಭಾವನೆಗಳ ಬಿಸಿ ಬೇಗ ಏರುತ್ತದೆ, ಸ್ನೇಹದ ಬೆಲೆ ವಿಪರೀತ ಹೆಚ್ಚಿರುತ್ತದೆ, ತಡೆಯುವ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಈ ಸಾಮರ್ಥ್ಯ ಬಹಳ ಬೇಗ ಕುಸಿಯುತ್ತದೆ, ವಾಪಸು ಬರಲು ಬಹಳ ಹೊತ್ತು ಹಿಡಿಯುತ್ತದೆ. ಅದು ಕುಸಿದಾಗ ಉಂಟಾಗುವ ಯಾತನೆಯನ್ನು ನಿಲ್ಲಿಸುವ ದಾರಿಯಾಗಿ ಗಾಯ ಬರುತ್ತದೆ ಎನ್ನುತ್ತದೆ ಎಂಬಿಟಿ.

ಆದ್ದರಿಂದ ಚಿಕಿತ್ಸೆಯ ಗಮನ ಗಾಯದ ಮೇಲಲ್ಲ, ಅದಕ್ಕೆ ಮುಂಚಿನ ಕೆಲವು ನಿಮಿಷಗಳ ಮೇಲೆ.

ಒಂದು ಉದಾಹರಣೆ ನೋಡೋಣ. ತರಬೇತಿಯಲ್ಲಿ ಬಳಸುವಂಥ, ಹಲವು ಮಕ್ಕಳ ಅನುಭವಗಳು ಹೇಗಿರುತ್ತವೋ ಹಾಗೆ ನಾನೇ ಕಟ್ಟಿದ ಕಲ್ಪಿತ ಪ್ರಕರಣ ಇದು. ಪೂರ್ವ ಲಂಡನ್ನಿನ ಹದಿನೈದರ ಹುಡುಗಿ; ಏಮಿ ಎಂದಿಟ್ಟುಕೊಳ್ಳಿ. ಒಂದೂವರೆ ವರ್ಷದಿಂದ ಆಗಾಗ ಕೈಗೆ ಗಾಯ ಮಾಡಿಕೊಳ್ಳುತ್ತಿದ್ದಾಳೆ. ಜೊತೆಗೆ ಖಿನ್ನತೆ. ಶಾಲೆಯ ಕೌನ್ಸೆಲರ್ ಮೂಲಕ ಮಕ್ಕಳ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆ.

ಮೊದಲ ಎರಡು ಮೂರು ವಾರ ಪರಿಚಯಕ್ಕೆ ಮತ್ತು ಅಂದಾಜಿಗೆ. ಸಾಯಬೇಕು ಎಂಬ ಉದ್ದೇಶ ಇದೆಯೇ, ಯೋಜನೆ ಇದೆಯೇ ಎಂಬುದನ್ನು ನೇರವಾಗಿಯೇ ಕೇಳುತ್ತಾರೆ. ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತದೆ ಎಂಬ ಅಂಜಿಕೆ ಹೊಸಬರಲ್ಲಿ ಸಾಮಾನ್ಯ, ಅದಕ್ಕೆ ಆಧಾರವಿಲ್ಲ. ಆದರೆ ಅಂಕ ಕೊಟ್ಟು ಕೂಡಿ "ಕಡಿಮೆ ಅಪಾಯ", "ಹೆಚ್ಚು ಅಪಾಯ" ಎಂದು ಮೊಹರು ಹಾಕುವ ಪಟ್ಟಿಗಳನ್ನು ನಂಬಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಮುಂದೆ ಯಾರು ಮತ್ತೆ ಗಾಯ ಮಾಡಿಕೊಳ್ಳುತ್ತಾರೆ, ಯಾರು ಮಾಡಿಕೊಳ್ಳುವುದಿಲ್ಲ ಎಂಬುದನ್ನು ಆ ಪಟ್ಟಿಗಳು ಸರಿಯಾಗಿ ಹೇಳಲಾರವು. ಏನು ಬೇಕಾಗಿದೆ, ಸುರಕ್ಷಿತವಾಗಿರಲು ಯಾರು ಏನು ಮಾಡಬೇಕು ಎಂಬ ಮಾತುಕತೆಯೇ ಅದರ ಬದಲಿಗೆ.

ಈ ಹಂತದ ಕೊನೆಗೆ ಚಿಕಿತ್ಸಕಿ ಏಮಿಗೆ ಒಂದು ಬರಹ ಕೊಡುತ್ತಾರೆ. ಕಡತಕ್ಕಾಗಿ ಬರೆದ ವರದಿಯಲ್ಲ, ಅವಳಿಗೇ ಬರೆದ ಕಾಗದ. ನಿನ್ನನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ಯಾರಾದರೂ ದೂರವಾದರು ಅನಿಸಿದಾಗ ನಿನಗೆ ತಲೆ ಓಡುವುದೇ ನಿಂತುಹೋಗುವಂತೆ ಕಾಣುತ್ತದೆ, ಸರಿಯೇ? ಏಮಿ ಅದನ್ನು ಓದಿ ತಿದ್ದಬಹುದು. ತಿದ್ದಬೇಕು ಎಂಬುದೇ ಆಸೆ. ಒಂದು ಸಾಲಿನ ಪಕ್ಕದಲ್ಲಿ ಅವಳು "ಇದು ನಾನಲ್ಲ" ಎಂದು ಬರೆದರೆ ಒಳ್ಳೆಯ ಚಿಕಿತ್ಸಕಿಗೆ ಖುಷಿಯಾಗಬೇಕು. ಇನ್ನೊಬ್ಬರು ತನ್ನನ್ನು ಹೇಗೆ ನೋಡುತ್ತಾರೆ, ತಾನು ತನ್ನನ್ನು ಹೇಗೆ ನೋಡಿಕೊಳ್ಳುತ್ತೇನೆ ಎಂಬ ಎರಡು ನೋಟಗಳನ್ನು ಹುಡುಗಿ ಅಕ್ಕಪಕ್ಕ ಇಟ್ಟು ನೋಡಿದಳು ಎಂದರ್ಥ.

ಇದೇ ಹೊತ್ತಿಗೆ ಒಂದು ಬಿಕ್ಕಟ್ಟಿನ ಯೋಜನೆಯೂ ತಯಾರಾಗುತ್ತದೆ. ಅದು ಏಮಿಯ ಮಾತಿನಲ್ಲೇ ಇರಬೇಕು. ಒತ್ತಡ ಏರುತ್ತಿದೆ ಎಂಬುದಕ್ಕೆ ಅವಳು ಗುರುತಿಸುವ ಲಕ್ಷಣ: "ಕಿವಿ ಬಿಸಿಯಾಗುತ್ತದೆ, ಫೋನ್ ಮತ್ತೆ ಮತ್ತೆ ನೋಡುತ್ತೇನೆ." ಆಗ ಅವಳು ಮಾಡಬೇಕಾದದ್ದು: ಕೋಣೆಯಿಂದ ಹೊರಗೆ ಬಂದು ನಾಯಿಯ ಪಕ್ಕ ಕೂರುವುದು, ಹತ್ತು ನಿಮಿಷ ತಡೆಯುವುದು, ಹಿಂದಿನ ಅರ್ಧ ಗಂಟೆಯಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಲು ನೋಡುವುದು. ಮನೆಯವರು ಮಾಡಬೇಕಾದದ್ದು: ಹತ್ತಿರ ಇರಿ, ಯಾಕೆ ಎಂದು ಕೇಳಬೇಡಿ, ಕೂಗಬೇಡಿ. ಗಾಯಕ್ಕೆ ಬಳಸಬಹುದಾದ ವಸ್ತುಗಳನ್ನು ಮನೆಯಲ್ಲಿ ಯಾರು ಎಲ್ಲಿ ಎತ್ತಿಡುತ್ತಾರೆ ಎಂಬುದೂ ಅದರಲ್ಲಿರುತ್ತದೆ. ಕೊನೆಗೆ, ಗಾಯ ಆಳವಾಗಿದ್ದರೆ, ಏನಾದರೂ ನುಂಗಿದ್ದರೆ, ಸಾಯುವ ಮಾತು ಬಂದರೆ ಯಾವ ಯೋಜನೆಯೂ ಬೇಡ, ನೇರ ಆಸ್ಪತ್ರೆಯ ತುರ್ತು ವಿಭಾಗ. ಅಚ್ಚು ಹಾಕಿದ ಮಾದರಿ ಹಾಳೆಯನ್ನು ತುಂಬಿಸಿ ಕೊಟ್ಟರೆ ಅದು ಡ್ರಾಯರಿನ ತಳ ಸೇರುತ್ತದೆ. ನಾಯಿಯ ಹೆಸರು ಇರುವ ಹಾಳೆಗೆ ಫ್ರಿಜ್ಜಿನ ಬಾಗಿಲ ಮೇಲೆ ಜಾಗ ಸಿಗುವ ಸಂಭವ ಹೆಚ್ಚು.

ಈಗ ಮೂರನೆಯ ತಿಂಗಳು. ಗುರುವಾರದ ಸೆಷನ್. ಮಂಗಳವಾರ ರಾತ್ರಿ ಏಮಿ ಮತ್ತೆ ಗಾಯ ಮಾಡಿಕೊಂಡಿದ್ದಾಳೆ. ಗಾಯ ನೋಡಿಕೊಳ್ಳಬೇಕಾದ ಕೆಲಸ ಆಗಿದೆ, ಸಾಯುವ ಉದ್ದೇಶ ಇರಲಿಲ್ಲ ಎಂಬುದನ್ನು ಕೇಳಿ ತಿಳಿದಾಗಿದೆ.

"ಏನೂ ಆಗಿರಲಿಲ್ಲ. ಸುಮ್ಮನೆ ಮಾಡಿಕೊಂಡೆ," ಎನ್ನುತ್ತಾಳೆ.

ಚಿಕಿತ್ಸಕಿ ಯಾಕೆ ಎಂದು ಕೇಳುವುದಿಲ್ಲ. ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ. "ಮಂಗಳವಾರ ಶಾಲೆಯಿಂದ ಬಂದಾಗ ಹೇಗಿದ್ದೆ?"

"ಚೆನ್ನಾಗೇ ಇದ್ದೆ."

"ಊಟದ ಹೊತ್ತಿಗೆ?"

"ಅಷ್ಟು ಚೆನ್ನಾಗಿರಲಿಲ್ಲ."

"ಹಾಗಾದರೆ ಇವೆರಡರ ಮಧ್ಯೆ ಏನೋ ಇದೆ. ಅಲ್ಲಿಗೆ ಹೋಗೋಣವಾ?"

ನಿಧಾನವಾಗಿ ಕಥೆ ಹೊರಗೆ ಬರುತ್ತದೆ. ಏಳು ಗಂಟೆಗೆ ಗೆಳತಿಗೆ ಮೆಸೇಜ್ ಕಳಿಸಿದ್ದಾಳೆ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಏಳೂವರೆಗೆ ಆ ಗೆಳತಿ ಬೇರೊಬ್ಬಳ ಜೊತೆಗಿರುವ ಫೋಟೋ ಹಾಕಿದ್ದಾಳೆ. ಏಮಿ ಇನ್ನೂ ಮೂರು ಮೆಸೇಜ್ ಕಳಿಸಿದ್ದಾಳೆ. ಎಂಟಕ್ಕೆ ಅಮ್ಮ ಬಾಗಿಲು ತೆರೆದು, ಊಟಕ್ಕೆ ಕರೆದರೂ ಬಾರದ ಮಗಳ ಕೈಯಿಂದ ಫೋನ್ ಕಿತ್ತುಕೊಂಡು ಹೋಗಿದ್ದಾರೆ. ಎಂಟೂ ಹತ್ತಕ್ಕೆ ಗಾಯ.

ಆ ಹತ್ತು ನಿಮಿಷವನ್ನು ಬಿಡಿಸುವುದೇ ಇಡೀ ವರ್ಷದ ಕೆಲಸ ಎಂದರೂ ತಪ್ಪಿಲ್ಲ. ಅದರಲ್ಲಿ ಮನಸ್ಸು ಮೂರು ಬಗೆಯಲ್ಲಿ ದಾರಿ ತಪ್ಪುವುದನ್ನು ಕಾಣಬಹುದು. ಅವಕ್ಕೆ ಪುಸ್ತಕದಲ್ಲಿ ಭಾರವಾದ ಹೆಸರುಗಳಿವೆ. ಹೆಸರು ಬಿಟ್ಟು ಲಕ್ಷಣ ನೋಡೋಣ.

ಮೊದಲನೆಯದು, ಅನಿಸಿದ್ದೇ ನಿಜ ಎನ್ನುವ ಸ್ಥಿತಿ. "ಅವಳಿಗೆ ನಾನು ಬೇಡ. ಅನಿಸಿಕೆ ಅಲ್ಲ, ನನಗೆ ಗೊತ್ತು." ಇಲ್ಲಿ ಬಹುಶಃ ಎಂಬುದಿಲ್ಲ. ನೀಲಿ ಟಿಕ್ ಅಂದರೆ ದ್ವೇಷ, ಅಷ್ಟೇ. ತಾನು ಅಸಹ್ಯ ಎಂದು ಅನಿಸಿದರೆ ತಾನು ಅಸಹ್ಯವೇ. ಹೊಸ ಚಿಕಿತ್ಸಕರು ಇಲ್ಲಿ ಮಾಡುವ ತಪ್ಪು ವಾದ: "ಅವಳು ಊಟಕ್ಕೆ ಕೂತಿರಬಹುದು ಅಲ್ವಾ?" ಮಾತು ಸರಿ, ಹೊತ್ತು ಸರಿಯಲ್ಲ. ಬಿಸಿ ಇಳಿಯುವ ಮೊದಲು ಬೇರೆ ಸಾಧ್ಯತೆಗಳನ್ನು ಮುಂದಿಟ್ಟರೆ ಹುಡುಗಿಗೆ ಕೇಳಿಸುವುದು "ನಿನ್ನ ನೋವು ಸುಳ್ಳು" ಎಂದು. ಮೊದಲು ಅವಳ ಜಾಗದಲ್ಲಿ ನಿಲ್ಲಬೇಕು. "ಅವಳಿಗೆ ನಾನು ಬೇಡವಾದೆ ಎಂದು ಖಚಿತವಾಗಿ ಗೊತ್ತಿದ್ದು, ಕೋಣೆಯಲ್ಲಿ ಒಬ್ಬಳೇ ಕೂರುವುದು ಭಯಂಕರ ಇದ್ದಿರಬೇಕು." ಆಮೇಲೆ, ಮುಖ ಸಡಿಲವಾದ ಮೇಲೆ, "ಅಷ್ಟು ಖಚಿತ ಯಾವಾಗ ಆಯಿತು? ಮೊದಲ ಮೆಸೇಜಿಗೋ, ಫೋಟೋ ನೋಡಿದ ಮೇಲೋ?" ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅವಳು ತನ್ನ ಖಚಿತತೆಯನ್ನೇ ಹೊರಗಿನಿಂದ ನೋಡಲು ಶುರು ಮಾಡುತ್ತಾಳೆ.

ಎರಡನೆಯದು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಸ್ಥಿತಿ. ಪ್ರೀತಿ ಇದೆ ಎಂದರೆ ಸಾಲದು, ಈಗಲೇ ಉತ್ತರ ಬರಬೇಕು, ಈಗಲೇ ಬಂದು ನಿಲ್ಲಬೇಕು. ತನ್ನ ನೋವೂ ಅಷ್ಟೇ. ಕಣ್ಣಿಗೆ ಕಾಣುವ ಗುರುತು ಇಲ್ಲದಿದ್ದರೆ ಅದು ತನಗೇ ನಿಜ ಅನಿಸುವುದಿಲ್ಲ, ಬೇರೆಯವರು ನಂಬುತ್ತಾರೆ ಅನಿಸುವುದಂತೂ ದೂರದ ಮಾತು. ಫೋನ್ ಕಿತ್ತುಕೊಂಡ ಕೈ ಏಮಿಗೆ ಕಂಡಿತು, ಆ ಕೈಯ ಹಿಂದಿದ್ದ ಅಮ್ಮನ ಮನಸ್ಸು ಕಾಣಲಿಲ್ಲ. ಇದನ್ನು "ಗಮನ ಸೆಳೆಯುವ ನಾಟಕ" ಎಂದು ಕರೆಯುವುದು ಎಷ್ಟು ಸುಲಭವೋ ಅಷ್ಟೇ ಅನ್ಯಾಯ. ಮಾತಿನ ಮೇಲೆ ನಂಬಿಕೆ ಕಳೆದುಹೋದ ಗಳಿಗೆಯಲ್ಲಿ ಅವಳಿಗೆ ಉಳಿದದ್ದು ಮೈ ಒಂದೇ.

ಈ ಸ್ಥಿತಿ ಅಂಟುರೋಗದ ಹಾಗೆ ಹರಡುತ್ತದೆ ಎಂಬುದನ್ನೂ ಹೊಸಬರು ತಿಳಿದಿರಬೇಕು. ಹುಡುಗಿ ಕಾಣುವುದನ್ನು ಕೇಳುತ್ತಾಳೆ, ಚಿಕಿತ್ಸಕಿ ಕಾಣುವುದನ್ನು ಕೊಡಲು ಹೊರಡುತ್ತಾರೆ: ವಾರಕ್ಕೆ ಎರಡು ಸೆಷನ್, ರಾತ್ರಿ ಹತ್ತಕ್ಕೆ ಫೋನ್, ಇನ್ನು ಮಾಡುವುದಿಲ್ಲ ಎಂದು ಬರೆಸಿಕೊಂಡ ಸಹಿ. ಸುರಕ್ಷತೆಗೆ ಕೆಲವು ಕ್ರಮ ಬೇಕೇ ಬೇಕು. ಆದರೆ ಯಾವ ಕ್ರಮ ಹುಡುಗಿಗಾಗಿ, ಯಾವುದು ನನ್ನ ಆತಂಕ ಇಳಿಸಿಕೊಳ್ಳುವುದಕ್ಕಾಗಿ ಎಂದು ಕೇಳಿಕೊಳ್ಳದೆ ಮಾಡಿದರೆ, ಆ ಕ್ರಮಗಳು ಮಾತಿನ ಜಾಗವನ್ನೇ ನುಂಗುತ್ತವೆ.

ಮೂರನೆಯದು ಅತ್ಯಂತ ಮೋಸದ್ದು, ಏಕೆಂದರೆ ಅದು ಪ್ರಗತಿಯ ವೇಷದಲ್ಲಿ ಬರುತ್ತದೆ. ಮುಂದಿನ ವಾರ ಏಮಿ ನಗುತ್ತಾ ಬಂದು ಹೇಳುತ್ತಾಳೆ: "ನಾನು ಯೋಚನೆ ಮಾಡಿದೆ. ನನಗೆ ಅಟ್ಯಾಚ್‌ಮೆಂಟ್ ಸಮಸ್ಯೆ ಇದೆ. ಚಿಕ್ಕವಳಿದ್ದಾಗ ಅಪ್ಪ ಬಿಟ್ಟುಹೋಗಿದ್ದರಲ್ಲ, ಅದಕ್ಕೇ ಗೆಳತಿಯರು ದೂರವಾದರೆ ಟ್ರಿಗರ್ ಆಗುತ್ತದೆ." ಎಷ್ಟು ಚೆನ್ನಾಗಿ ಹೇಳಿದಳು! ತರಬೇತಿ ಪಡೆಯುತ್ತಿರುವವರ ಮುಖ ಅರಳುತ್ತದೆ. ಅನುಭವಿಗಳ ಹುಬ್ಬು ಮೇಲೇರುತ್ತದೆ. ಮಾತು ನಿರರ್ಗಳವಾಗಿದೆ, ಆದರೆ ಭಾವನೆಯ ತುಣುಕೂ ಅಂಟಿಕೊಂಡಿಲ್ಲ. ಬೇರೆ ಯಾರದೋ ವಿಷಯ ಹೇಳಿದಂತಿದೆ. ಅದೇ ದಿನ ಸಂಜೆ ಗಾಯವಾಗಬಹುದು, ಆ ವಿವರಣೆ ಒಂದಿಷ್ಟೂ ನೆರವಿಗೆ ಬರುವುದಿಲ್ಲ. ಗುರುತಿಸುವುದು ಹೇಗೆ? ಮಾತು ಮುಂದೆ ಹೋದಂತೆ ಎಲ್ಲಿಗೂ ಹೋಗುವುದಿಲ್ಲ. ಕೇಳುವವರಿಗೆ ಬೇಸರ ಬರುತ್ತದೆ, ಮತ್ತು ಆ ಬೇಸರವೇ ಒಂದು ಸುಳಿವು. ಆಗ ವಿವರಣೆಗೆ ಇನ್ನೊಂದು ವಿವರಣೆ ಸೇರಿಸಬಾರದು. "ತಡಿ, ನಾನು ಹಿಂದೆ ಬಿದ್ದೆ. ಆ ಫೋಟೋ ತೆರೆದ ಆ ಒಂದು ಸೆಕೆಂಡ್, ಮೈಯಲ್ಲಿ ಎಲ್ಲಿ ಏನಾಯಿತು?" ಎಂದು ಚಿಕ್ಕದಕ್ಕೆ, ಹತ್ತಿರದ್ದಕ್ಕೆ ಎಳೆದು ತರಬೇಕು.

ಅಮೆರಿಕದ ಸಂಶೋಧಕಿ ಕಾರ್ಲಾ ಶಾರ್ಪ್ ಇನ್ನೊಂದು ಸಂಗತಿಯ ಕಡೆ ಗಮನ ಸೆಳೆದಿದ್ದಾರೆ. ಭಾವನೆಗಳ ಏರುಪೇರು ತೀವ್ರವಾಗಿರುವ ಹದಿಹರೆಯದವರು ಇತರರ ಮನಸ್ಸಿನ ಬಗ್ಗೆ ಯೋಚಿಸುವುದೇ ಇಲ್ಲ ಎಂದಲ್ಲ. ಎಷ್ಟೋ ಸಲ ಅತಿಯಾಗಿ ಯೋಚಿಸುತ್ತಾರೆ; ಸಣ್ಣ ಸುಳಿವಿನ ಮೇಲೆ ದೊಡ್ಡ ಕಟ್ಟಡ ಕಟ್ಟುತ್ತಾರೆ. ಎರಡು ನೀಲಿ ಟಿಕ್ ಮೇಲೆ ಏಮಿ ಅರ್ಧ ಗಂಟೆಯಲ್ಲಿ ಕಟ್ಟಿದ್ದು ಅಂಥದ್ದೇ. ಹಾಗಾಗಿ "ಅವಳು ಏನು ಯೋಚಿಸುತ್ತಿದ್ದಳು ಅಂತೀಯ?" ಎಂದು ಸುಮ್ಮನೆ ಕೆದಕುತ್ತಾ ಹೋಗುವುದು ಇಂಥ ಮಗುವಿಗೆ ಉರಿಯುವ ಬೆಂಕಿಗೆ ತುಪ್ಪ.

ಹಾಗಾದರೆ ಚಿಕಿತ್ಸಕಿಯ ಕೈಯಲ್ಲಿರುವುದೇನು? ಮುಖ್ಯವಾಗಿ ಒಂದು ನಿಲುವು: ನನಗೆ ಗೊತ್ತಿಲ್ಲ, ತಿಳಿಯುವ ಆಸೆ ಇದೆ. ಮನೋವಿಶ್ಲೇಷಣೆಯ ಹಳೆಯ ಚಿತ್ರಗಳಲ್ಲಿ ಕಾಣುವ ಮೌನಿ, ಎಲ್ಲ ಬಲ್ಲ ವೈದ್ಯರಿಗೆ ಇಲ್ಲಿ ಜಾಗವಿಲ್ಲ. ಎಂಬಿಟಿಯ ಚಿಕಿತ್ಸಕರು ಸಾಕಷ್ಟು ಮಾತಾಡುತ್ತಾರೆ, ತಡೆಯುತ್ತಾರೆ, ಗೊಂದಲವಾದರೆ ಗೊಂದಲವಾಯಿತು ಎನ್ನುತ್ತಾರೆ. ತಪ್ಪು ಮಾಡಿದಾಗ ಅದನ್ನು ಬಚ್ಚಿಡದೆ ಬಳಸಿಕೊಳ್ಳುತ್ತಾರೆ. ಮಂಗಳವಾರದ ಕಥೆಯ ನಡುವೆ ಚಿಕಿತ್ಸಕಿಯ ಕಣ್ಣು ಗೋಡೆ ಗಡಿಯಾರದ ಕಡೆ ಹೋಗುತ್ತದೆ ಎಂದುಕೊಳ್ಳಿ. ಏಮಿ ಅಲ್ಲಿಗೇ ನಿಲ್ಲಿಸುತ್ತಾಳೆ.

"ನಿಮಗೆ ಬೋರ್ ಆಗಿದೆ."

ಇಲ್ಲ ಇಲ್ಲ ಎಂದು ಸಮಾಧಾನ ಹೇಳುವುದು ಒಂದು ದಾರಿ. "ನಿನಗೆ ಯಾವಾಗಲೂ ಜನ ಬಿಟ್ಟುಹೋಗುತ್ತಾರೆ ಅನಿಸುತ್ತದೆ" ಎಂದು ಅವಳ ಮೇಲೇ ವ್ಯಾಖ್ಯಾನ ಮಾಡುವುದು ಇನ್ನೊಂದು. ಎರಡರಲ್ಲೂ ಹುಡುಗಿ ಕಂಡದ್ದನ್ನು ಕಾಣಲಿಲ್ಲ ಎಂದು ಹೇಳಿದಂತಾಗುತ್ತದೆ. ಎಂಬಿಟಿ ಕಲಿಸುವ ದಾರಿ ಹೀಗಿದೆ: "ಗಡಿಯಾರ ನೋಡಿದ್ದು ನಿಜ. ನೀನು ಹೇಳುತ್ತಿದ್ದದ್ದು ಮುಖ್ಯ ಅನಿಸಿತು, ಸಮಯ ಸಾಲದೇ ಹೋಗುತ್ತದೇನೋ ಎಂದು ಚಿಂತೆ ಆಯಿತು. ಅದು ನಿನಗೆ ಬೋರ್ ಥರ ಕಂಡಿತು, ಕಾಣುವುದೂ ಸಹಜ. ಅದು ಕಂಡ ತಕ್ಷಣ ನಿನಗೇನಾಯಿತು?" ಏಮಿ ಭುಜ ಹಾರಿಸಬಹುದು. ಆದರೆ ಒಂದು ಘಟನೆ ಕಣ್ಣೆದುರಿಗೇ ನಡೆಯಿತು: ಒಂದು ಚಲನೆಗೆ ಎರಡು ಅರ್ಥ ಇರಬಹುದು, ಕೇಳಿ ತಿಳಿಯಬಹುದು, ಕೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಗೆಳತಿಯ ನೀಲಿ ಟಿಕ್ ಬಗ್ಗೆ ಗಂಟೆಗಟ್ಟಲೆ ಆಡುವ ಮಾತಿಗಿಂತ ಈ ಅರ್ಧ ನಿಮಿಷ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ.

ತಿಂಗಳಿಗೊಮ್ಮೆ ಕುಟುಂಬದ ಸೆಷನ್. ಅಲ್ಲಿ ಅಮ್ಮ, ಮಲತಂದೆ, ಏಮಿ. "ಅವಳು ಇದನ್ನೆಲ್ಲ ನಮ್ಮನ್ನು ಆಟ ಆಡಿಸಲು ಮಾಡುತ್ತಾಳೆ" ಎಂದು ಅಮ್ಮ ಶುರು ಮಾಡುತ್ತಾರೆ. ದನಿ ಏರುತ್ತದೆ, ಏಮಿ ಕಿಟಕಿಯ ಕಡೆ ತಿರುಗುತ್ತಾಳೆ. ಚಿಕಿತ್ಸಕಿ ಕೈ ಎತ್ತಿ ನಿಲ್ಲಿಸುತ್ತಾರೆ. ಬಿಸಿ ಏರಿದಾಗ ಮುಂದುವರಿಯಲು ಬಿಡುವುದು ಸೌಜನ್ಯವಲ್ಲ, ತಪ್ಪು. ನಂತರ ಮಲತಂದೆಯ ಕಡೆ ತಿರುಗಿ ಕೇಳುತ್ತಾರೆ: "ಮಂಗಳವಾರ ಫೋನ್ ತೆಗೆದುಕೊಂಡು ಕೆಳಗೆ ಬಂದಾಗ ಇವರ ಮನಸ್ಸಿನಲ್ಲಿ ಏನಿತ್ತು ಅಂತ ನಿಮಗೆ ಅನಿಸುತ್ತದೆ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಕೈ ನಡುಗುತ್ತಿತ್ತು. ಹೆದರಿದ್ದಳು ಅನಿಸುತ್ತದೆ," ಎನ್ನುತ್ತಾರೆ. ಅಮ್ಮನ ಕಣ್ಣು ತುಂಬುತ್ತದೆ. ಮುಚ್ಚಿದ ಬಾಗಿಲು ಕಂಡರೆ ತನಗೆ ಎದೆ ಹೊಡೆದುಕೊಳ್ಳುತ್ತದೆ, ಎಲ್ಲ ಆ ಫೋನಿನಿಂದಲೇ ಅನಿಸಿ ಕಿತ್ತುಕೊಂಡೆ ಎನ್ನುತ್ತಾರೆ.

"ನನಗೆ ಕಂಡಿದ್ದು ಸಿಟ್ಟು ಮಾತ್ರ," ಎನ್ನುತ್ತಾಳೆ ಏಮಿ. "ಹೆದರಿಕೆ ಆಗಿದ್ದರೆ ಹಾಗೇ ಹೇಳಬಹುದಿತ್ತಲ್ಲ." ಮತ್ತೆ ಕಿಟಕಿಯ ಕಡೆ ತಿರುಗುತ್ತಾಳೆ.

ಅಪ್ಪುಗೆ, ಕಣ್ಣೀರು, ಕ್ಷಮೆ ಎಲ್ಲ ಸಿನಿಮಾದ ಲೆಕ್ಕ. ಇಲ್ಲಿ ಸಿಕ್ಕಿದ್ದು ಒಂದು ವಾಕ್ಯ. ಆದರೆ ಆ ವಾಕ್ಯದಲ್ಲಿ ಕಂಡದ್ದು ಬೇರೆ, ಇದ್ದದ್ದು ಬೇರೆ ಇರಬಹುದು ಎಂಬ ಒಪ್ಪಿಗೆ ಇದೆ. ಮುಂದಿನ ತಿಂಗಳು ಅದು ಮತ್ತೆ ಕಳೆದುಹೋಗಬಹುದು, ಇನ್ನೊಮ್ಮೆ ಹುಡುಕಬೇಕಾಗುತ್ತದೆ.

ಇಲ್ಲಿಯವರೆಗೆ ಮಗುವಿನದು, ಮನೆಯವರದು ಹೇಳಿದೆ. ತಂಡಕ್ಕೆ ಹೊಸದಾಗಿ ಸೇರಿದವರಿಗೆ ಇನ್ನೂ ಮುಖ್ಯವಾದ ಪಾಠ ಅವರ ಬಗ್ಗೆಯೇ. ಹಸಿ ಗಾಯದ ಎದುರು ಕೂತವರ ಮನಸ್ಸಿನ ಬಿಸಿಯೂ ಏರುತ್ತದೆ. ಹುಡುಗಿ ಸತ್ತರೆ ಎಂಬ ಭಯ, ನಾನು ಇಷ್ಟು ಮಾಡಿದರೂ ಹೀಗೆ ಮಾಡಿದಳಲ್ಲ ಎಂಬ ಸಿಟ್ಟು, ನಾನೊಬ್ಬಳೇ ಇವಳನ್ನು ಉಳಿಸಬಲ್ಲೆ ಎಂಬ ಹಮ್ಮು. ಆಗ ಚಿಕಿತ್ಸಕಿಯೂ ಮೇಲೆ ಹೇಳಿದ ಮೂರು ದಾರಿಗಳಲ್ಲೇ ತಪ್ಪುತ್ತಾರೆ: "ಇವಳು ಬೇಕೆಂದೇ ಮಾಡುತ್ತಿದ್ದಾಳೆ, ನನಗೆ ಗೊತ್ತು" ಎಂಬ ಖಚಿತತೆ, ಏನಾದರೂ ಮಾಡಿಬಿಡುವ ಧಾವಂತ, ಇಲ್ಲವೇ ಕೇಸ್ ಮೀಟಿಂಗಿನಲ್ಲಿ ಹರಿಯುವ ಒಣ ಸಿದ್ಧಾಂತ. ಆದ್ದರಿಂದಲೇ ಇಲ್ಲಿ ಸೂಪರ್‌ವಿಷನ್ ಎಂಬುದು ಮೇಲಧಿಕಾರಿಗೆ ಲೆಕ್ಕ ಒಪ್ಪಿಸುವ ಕೆಲಸವಲ್ಲ. ಕಳೆದುಹೋದ ಯೋಚನಾಶಕ್ತಿಯನ್ನು ಬೇರೊಬ್ಬರ ಮೂಲಕ ವಾಪಸು ಪಡೆಯುವ ಜಾಗ.

ಇದಕ್ಕೆ ಲಂಡನ್ನಿನ ಆನಾ ಫ್ರಾಯ್ಡ್ ಕೇಂದ್ರದಲ್ಲಿ ಡಿಕನ್ ಬೆವಿಂಗ್ಟನ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ಆಂಬಿಟ್ ಎಂಬ ತಂಡ-ಪದ್ಧತಿಯಲ್ಲಿ ನಾಲ್ಕು ಹೆಜ್ಜೆಯ ಒಂದು ಸರಳ ಮಾತುಕತೆ ಇದೆ. ಕಾರಿಡಾರಿನಲ್ಲಿ ಸಹೋದ್ಯೋಗಿಯನ್ನು ಹಿಡಿದು ಅರ್ಧ ಗಂಟೆ ಕಥೆ ಹೇಳಿ, ಹೇಳಿದವರ ಆತಂಕ ಕೇಳಿದವರಿಗೂ ಹತ್ತಿಸಿ ಹೋಗುವುದು ಎಲ್ಲ ತಂಡಗಳಲ್ಲೂ ನಡೆಯುವಂಥದ್ದು. ಅದನ್ನು ತಪ್ಪಿಸುವುದು ಉದ್ದೇಶ. ಮೊದಲು, ಈ ಮಾತಿನಿಂದ ನನಗೆ ಏನು ಬೇಕು ಎಂದು ಹೇಳಬೇಕು: "ಇವತ್ತು ಅಮ್ಮನಿಗೆ ಫೋನ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಹತ್ತು ನಿಮಿಷ ಸಾಕು." ಎರಡನೆಯದಾಗಿ ನಡೆದದ್ದನ್ನು ಚುಟುಕಾಗಿ ಹೇಳುವುದು. ಮೂರನೆಯದು ಈ ಕ್ಷಣವನ್ನು ನೋಡುವುದು: ಕೇಳುವವರು ಹುಡುಗಿಯ ಬಗ್ಗೆ ಮಾತ್ರವಲ್ಲ, ಎದುರಿಗೆ ನಿಂತ ಸಹೋದ್ಯೋಗಿಯ ಬಗ್ಗೆಯೂ ಕೇಳಬೇಕು. "ನೀನು ತುಂಬಾ ಬೇಗ ಮಾತಾಡುತ್ತಿದ್ದೀಯ. ಹೆದರಿದ್ದೀಯಾ?" ಕೊನೆಯದಾಗಿ ಮೊದಲು ಕೇಳಿದ ಪ್ರಶ್ನೆಗೆ ಮರಳುವುದು: ಹಾಗಾದರೆ ಫೋನ್ ಮಾಡುವುದಾ, ಬೇಡವಾ? ಅನುಭವಿಗಳು ಈ ಮೂರನೆಯ ಹೆಜ್ಜೆಯನ್ನೇ ಹಾರಿಸಿ ನೇರ ಸಲಹೆಗೆ ಇಳಿಯುವುದು ಹೆಚ್ಚು.

ಇದೆಲ್ಲ ಕೆಲಸ ಮಾಡುತ್ತದೆಯೇ? ರೊಸ್ಸೌ ಮತ್ತು ಫೋನಗಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮುಖ್ಯ ಆಧಾರ. ಸ್ವಯಂ ಹಾನಿಯ ಜೊತೆಗೆ ಖಿನ್ನತೆಯೂ ಇದ್ದ 80 ಹದಿಹರೆಯದವರು; ಅವರಲ್ಲಿ ನೂರಕ್ಕೆ 85ರಷ್ಟು ಹುಡುಗಿಯರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ವರ್ಷವಿಡೀ ಎಂಬಿಟಿ, ಇನ್ನೊಂದಕ್ಕೆ ಅಲ್ಲಿ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಕೊಟ್ಟರು. ವರ್ಷದ ಕೊನೆಗೆ ಗಾಯ ಮಾಡಿಕೊಳ್ಳುವುದು ಮುಂದುವರಿದಿದ್ದವರು ಸಾಮಾನ್ಯ ಚಿಕಿತ್ಸೆಯಲ್ಲಿ ಶೇಕಡಾ 83, ಎಂಬಿಟಿಯಲ್ಲಿ ಶೇಕಡಾ 56. ಖಿನ್ನತೆಯೂ ಹೆಚ್ಚು ಇಳಿದಿತ್ತು. ಮೆಂಟಲೈಸೇಷನ್ ಸುಧಾರಿಸಿದ್ದು ಮತ್ತು ಜನರಿಂದ ದೂರ ಸರಿಯುವ ಸ್ವಭಾವ ತಗ್ಗಿದ್ದು ಈ ವ್ಯತ್ಯಾಸವನ್ನು ವಿವರಿಸುತ್ತದೆ ಎಂದರು ಸಂಶೋಧಕರು.

ಆ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಇಡೀ ವರ್ಷದ ನಂತರವೂ ಎಂಬಿಟಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರ್ತಿ ನಿಲ್ಲಿಸಿರಲಿಲ್ಲ. ಪ್ರಯೋಗ ಚಿಕ್ಕದು, ಪದ್ಧತಿಯನ್ನು ರೂಪಿಸಿದವರೇ ನಡೆಸಿದ್ದು. ಡೆನ್ಮಾರ್ಕಿನಲ್ಲಿ 112 ಹದಿಹರೆಯದವರ ಮೇಲೆ ಗುಂಪು ರೂಪದ ಎಂಬಿಟಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ಚಿಕಿತ್ಸೆಗಿಂತ ಮೇಲು ಎನ್ನುವ ಫಲಿತಾಂಶ ಸಿಗಲಿಲ್ಲ. ನೈಸ್ ಮಾರ್ಗಸೂಚಿಯೂ ಪದೇ ಪದೇ ಗಾಯ ಮಾಡಿಕೊಳ್ಳುವ, ಭಾವನೆಗಳ ತೀವ್ರ ಏರುಪೇರಿನ ಮಕ್ಕಳಿಗೆ ಹೆಸರಿಸಿ ಸೂಚಿಸುವುದು ಡಿಬಿಟಿ ಎಂಬ ಬೇರೊಂದು ಚಿಕಿತ್ಸೆಯನ್ನು. ಅದು ಭಾವನೆಗಳನ್ನು ನಿಭಾಯಿಸುವ ಕೌಶಲಗಳನ್ನು ನೇರವಾಗಿ ಕಲಿಸುತ್ತದೆ. ಎಂಬಿಟಿಯೊಂದೇ ದಾರಿ ಎಂದು ಯಾರಾದರೂ ಹೊಸ ಸದಸ್ಯರಿಗೆ ಹೇಳಿಕೊಟ್ಟರೆ, ಅನಿಸಿದ್ದೇ ನಿಜ ಎನ್ನುವ ಸ್ಥಿತಿಗೆ ಅದೇ ಒಳ್ಳೆಯ ಉದಾಹರಣೆ.

ಕೊನೆಯ ಎರಡು ತಿಂಗಳು ಬೀಳ್ಕೊಡುಗೆಯ ಕೆಲಸ. ದೂರವಾಗುವುದೇ ಗಾಯಕ್ಕೆ ಕಾರಣವಾಗುತ್ತಿದ್ದ ಹುಡುಗಿಗೆ ಚಿಕಿತ್ಸಕಿಯಿಂದ ದೂರವಾಗುವುದೂ ಒಂದು ಪರೀಕ್ಷೆ. ನಿಂತಿದ್ದ ಗಾಯ ಈ ಹೊತ್ತಿನಲ್ಲಿ ಮತ್ತೆ ಕಾಣಿಸಿಕೊಂಡರೆ ಹೊಸಬರು ಚಿಕಿತ್ಸೆ ಸೋತಿತು ಎಂದುಕೊಳ್ಳುತ್ತಾರೆ, ಅವಧಿ ವಿಸ್ತರಿಸಲು ಓಡುತ್ತಾರೆ. ಅದಕ್ಕಿಂತ ಮೊದಲು ಮಂಗಳವಾರಕ್ಕೆ ಮಾಡಿದ್ದನ್ನೇ ಇಲ್ಲಿಯೂ ಮಾಡಬೇಕು: ಹಿಂದಕ್ಕೆ ಹೋಗಿ, ಮುಗಿಯುತ್ತದೆ ಎಂಬ ಮಾತು ಬಂದ ದಿನ ಏನಾಯಿತು ಎಂದು ಜೊತೆಯಲ್ಲಿ ನೋಡಬೇಕು. ಬಿಕ್ಕಟ್ಟಿನ ಯೋಜನೆಯನ್ನು ಚಿಕಿತ್ಸಕಿಯ ಹೆಸರಿಲ್ಲದೆ ಮತ್ತೊಮ್ಮೆ ಬರೆಯಬೇಕು.

ನಮ್ಮಲ್ಲಿ ಈ ಪದ್ಧತಿಯ ತರಬೇತಿ ಪಡೆದವರು ಊರೂರಿಗೆ ಸಿಗುವುದಿಲ್ಲ. ಆದರೆ ಮಗುವಿನ ಕೈಯ ಗುರುತು ಕಣ್ಣಿಗೆ ಬಿದ್ದ ತಂದೆತಾಯಿ, ಟೀಚರ್ ಅದಕ್ಕಾಗಿ ಕಾಯಬೇಕಿಲ್ಲ. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಸಾಯುವ ಮಾತು ಬಂದಿದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಸಂದರ್ಭಗಳಲ್ಲಿ ಗಾಯ ತೊಳೆದು, ಪಟ್ಟಿ ಕಟ್ಟಿ, ಇಬ್ಬರ ಉಸಿರೂ ಹದಕ್ಕೆ ಬಂದ ಮೇಲೆ "ಯಾಕೆ" ಎನ್ನುವುದರ ಬದಲು "ಸಂಜೆ ಮನೆಗೆ ಬಂದಾಗ ಹೇಗಿದ್ದೆ?" ಎಂದು ಶುರು ಮಾಡಬಹುದು. ಉತ್ತರ ಆ ದಿನವೇ ಬರುತ್ತದೆ ಎಂದುಕೊಳ್ಳಬೇಡಿ.